ಎಐ ಹಿನ್ನೆಲೆಯನ್ನು 30 ಇಂಚಿಗೆ ದೊಡ್ಡದು ಮಾಡಿದರೆ ಎಲೆಗಳು ಕಲಸಿಹೋಗುತ್ತವೆ, ಒಂದೇ ಪೊದೆ ಮತ್ತೆ ಮತ್ತೆ ಬರುತ್ತದೆ

ಮಲ್ನಾಡ್_ಸ್ಟುಡಿಯೊ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಒಂದು ಕುಟುಂಬದ ಫೋಟೊ ಸ್ಟುಡಿಯೊದಲ್ಲೇ ತೆಗೆದೆ, 24 ಮೆಗಾಪಿಕ್ಸೆಲ್ ಕ್ಯಾಮೆರಾ, ಜನ ಚೆನ್ನಾಗಿ ಶಾರ್ಪ್ ಆಗಿ ಬಂದಿದ್ದಾರೆ. ಹಿಂದೆ ಮಂಜು ಕವಿದ ಅಡಿಕೆ ತೋಟ ಬೇಕು ಎಂದರು. ಮಳೆಯಲ್ಲಿ ಅಜ್ಜಿಯನ್ನು ತೋಟಕ್ಕೆ ಕರೆದುಕೊಂಡು ಹೋಗುವ ಹಾಗಿರಲಿಲ್ಲ, ಅದಕ್ಕೆ ಮನೆ ಕಂಪ್ಯೂಟರಿನಲ್ಲಿ ಎಸ್‌ಡಿಎಕ್ಸ್ಎಲ್‌ನಿಂದ ಹಿನ್ನೆಲೆ ಮಾಡಿದೆ. 1216×832 ಅಳತೆ. ಅದನ್ನು ಅಲ್ಟಿಮೇಟ್ ಎಸ್‌ಡಿ ಅಪ್‌ಸ್ಕೇಲ್‌ನಲ್ಲಿ 4 ಪಟ್ಟು ಮಾಡಿ 4864×3328 ತಂದು, ಜನರನ್ನು ಮುಂದೆ ಕೂರಿಸಿ, 20×30 ಇಂಚಿಗೆ ಲಸ್ಟರ್ ಪೇಪರಿನಲ್ಲಿ ಪ್ರಿಂಟ್ ಹಾಕಿಸಿದೆ.

ಸ್ಕ್ರೀನಿನಲ್ಲಿ ಪೂರ್ತಿ ಚಿತ್ರ ನೋಡುವಾಗ ಏನೂ ಗೊತ್ತಾಗಲಿಲ್ಲ. ಪ್ರಿಂಟ್ ಗೋಡೆಗೆ ಒರಗಿಸಿಟ್ಟಾಗ ಯಜಮಾನರು ಎರಡೇ ನಿಮಿಷದಲ್ಲಿ ಹಿಡಿದರು. ಕೆಳಗಿನ ಕತ್ತಲೆ ಜಾಗದಲ್ಲಿ ಒಂದೇ ತರದ ಪೊದೆ ನಾಲ್ಕು ಕಡೆ ಇದೆ. ದೂರದ ಸೋಗೆಗಳು ಬ್ರಷ್‌ನಲ್ಲಿ ಎಳೆದ ಹಾಗೆ ಕಲಸಿಹೋಗಿವೆ. ಮಂಜಿನಲ್ಲಿ ಒಂದು ಕಡೆ ತೆಳ್ಳಗೆ ನೆಟ್ಟಗಿನ ಗೆರೆ. ಪ್ರಿಂಟ್ ವಾಪಸ್ ತಗೊಂಡೆ, ಇನ್ನೊಂದು ಮಾಡಿಕೊಡಬೇಕು. ನನ್ನ ಸೆಟ್ಟಿಂಗ್ ಇದು:

```
Tile width 1024, Padding 32, Mask blur 8
Denoising strength 0.45
Seams fix: None
Prompt: areca nut plantation, old tiled house,
misty hills, monsoon morning, highly detailed
```

ಎಲ್ಲಿ ಕೆಟ್ಟಿದೆ ಅಂತ ತಿಳಿದವರು ಹೇಳಿ. ಗಡುವು ಹತ್ತು ದಿನ.

ಡಿಸೈನ್_ದಾವಣಗೆರೆ

ಡಿಪಿಐ ನೋಡಿದ್ದೀರಾ ಸರ್? ಎಐ ಚಿತ್ರ ಯಾವಾಗಲೂ 72 ಡಿಪಿಐ ಇರುತ್ತದೆ. ಫೋಟೊಶಾಪ್‌ನಲ್ಲಿ 300 ಮಾಡಿ ಕಳಿಸಿ, ಶಾರ್ಪ್ ಬರುತ್ತದೆ. ಆಮೇಲೆ ಡಿನಾಯ್ಸ್ ಇನ್ನೂ ಜಾಸ್ತಿ ಇಡಿ, 0.6 ತನಕ. ಎಲೆ ಕಲಸಿದ್ದರೆ ಹೊಸ ಎಲೆ ಬರೆದುಕೊಡುತ್ತದೆ. ನನಗೆ ಪೋಸ್ಟರ್‌ಗಳಲ್ಲಿ ಕೆಲಸ ಮಾಡಿದೆ.

ಬಣ್ಣದಂಗಡಿ

ಡಿಪಿಐ ಸಂಖ್ಯೆ ಬದಲಾಯಿಸಿದರೆ ಪಿಕ್ಸೆಲ್ ಹುಟ್ಟುವುದಿಲ್ಲ. 4864 ಪಿಕ್ಸೆಲನ್ನು 30 ಇಂಚಿಗೆ ಹರಡಿದರೆ ಇಂಚಿಗೆ 162 ಸಿಗುತ್ತದೆ, ಫೈಲಿನಲ್ಲಿ 72 ಅಂತ ಬರೆದಿರಲಿ, 300 ಅಂತ ಬರೆದಿರಲಿ. ಗೋಡೆಗೆ ಹಾಕುವ ಫ್ರೇಮಿಗೆ 162 ತೀರಾ ಕೆಟ್ಟದ್ದೂ ಅಲ್ಲ, ಹಾಗಾಗಿ ನಿಮ್ಮ ತೊಂದರೆ ಅದಲ್ಲ.

ಡಿನಾಯ್ಸ್ ವಿಷಯದಲ್ಲಿ ದಾವಣಗೆರೆಯವರು ಹೇಳಿದ್ದು ಅರ್ಧ ಸರಿ. ಜಾಸ್ತಿ ಇಟ್ಟರೆ ಎಲೆ ಗರಿಗರಿಯಾಗಿ ಬರುತ್ತದೆ, ನಿಜ. ಆದರೆ ಆ ಟೂಲ್ ಚಿತ್ರವನ್ನು ತುಂಡು ತುಂಡಾಗಿ ಮತ್ತೆ ಬರೆಯುವಾಗ ಪ್ರತಿ ತುಂಡಿಗೂ ನಿಮ್ಮ ಪೂರ್ತಿ ಪ್ರಾಂಪ್ಟ್ ಹೋಗುತ್ತದೆ ಅಲ್ವಾ? ಬರೀ ಪೊದೆ ಇರುವ ತುಂಡಿಗೂ "ಹಳೇ ಹೆಂಚಿನ ಮನೆ" ಅಂತ ಹೇಳಿದ್ದೀರಿ. 0.6 ಇಟ್ಟರೆ ಪೊದೆಯೊಳಗೆ ಪುಟ್ಟ ಪುಟ್ಟ ಹೆಂಚಿನ ಮನೆ ಮೂಡುತ್ತದೆ. ಈಗಿನ 0.45ರಲ್ಲೂ ಒಂದೆರಡು ಕಡೆ ಇರಬಹುದು, ಸ್ವಲ್ಪ ಹುಡುಕಿ ನೋಡಿ.

ಮೊದಲು ಒಂದು ಕೆಲಸ ಮಾಡಿ. ಸ್ಕೇಲ್ ತಗೊಂಡು ಪ್ರಿಂಟಿನ ಮೇಲೆ ಒಂದು ಪೊದೆಯಿಂದ ಅದೇ ಆಕಾರದ ಇನ್ನೊಂದು ಪೊದೆಗೆ ಎಷ್ಟು ಇಂಚು ಅಂತ ಅಳೆಯಿರಿ. ಎಷ್ಟು ಬಂತು ಅಂತ ಹೇಳಿ, ಉಳಿದದ್ದು ಆಮೇಲೆ ಮಾತಾಡೋಣ.

ಫ್ಲೆಕ್ಸ್_ಹುಬ್ಬಳ್ಳಿ

ನಮ್ಮದೂ ಇದೇ ಗೋಳು. 20×10 ಅಡಿ ಮದುವೆ ಸ್ಟೇಜ್ ಬ್ಯಾಕ್‌ಡ್ರಾಪಿಗೆ ಎಐ ಅರಮನೆ ಚಿತ್ರ ಕೊಟ್ಟಿದ್ದಾರೆ. 300 ಡಿಪಿಐ ಮಾಡಲು ಹೋದರೆ 72,000 ಪಿಕ್ಸೆಲ್ ಅಗಲ ಆಗುತ್ತದೆ, ಕಂಪ್ಯೂಟರ್ ನಿಂತೇ ಹೋಗುತ್ತದೆ. ಏನು ಮಾಡುವುದು?

ಬಣ್ಣದಂಗಡಿ

ಅಣ್ಣ, ನಿಮ್ಮ ಕೆಲಸ ಬೇರೆ. ಫ್ಲೆಕ್ಸನ್ನು ಹತ್ತಡಿ ಆಚೆಯಿಂದ ನೋಡುತ್ತಾರೆ, ಇಂಚಿಗೆ 50ರಿಂದ 72 ಪಿಕ್ಸೆಲ್ ಸಾಕು, 300 ಯಾರಿಗೂ ಬೇಡ. ವಧೂವರರು ನಿಲ್ಲುವ ಜಾಗದ ಹಿಂದೆ ಮಾತ್ರ ಹತ್ತಿರದಿಂದ ಫೋಟೊ ತೆಗೆಯುತ್ತಾರೆ, ಅಲ್ಲಿ ಗೆರೆ ಕಾಣದ ಹಾಗೆ ನೋಡಿಕೊಳ್ಳಿ. ಇಲ್ಲಿ ಫ್ರೇಮಿನ ಕಥೆ ಮುಗಿಸೋಣ.

ಮಲ್ನಾಡ್_ಸ್ಟುಡಿಯೊ

ಅಳೆದೆ ಮೇಡಂ. ಆರು ಇಂಚು, ಮೇಲೆ ಕಾಲಿಗಿಂತ ಚೂರು ಜಾಸ್ತಿ. ನಾಲ್ಕು ಪೊದೆಗಳ ಮಧ್ಯೆಯೂ ಅಷ್ಟೇ ಅಂತರ, ಒಂದು ಕೂದಲೂ ಹೆಚ್ಚು ಕಡಿಮೆ ಇಲ್ಲ. ಪುಟ್ಟ ಮನೆಯೂ ಸಿಕ್ಕಿತು. ಬಲಗಡೆ ಬಾಳೆ ಬುಡದಲ್ಲಿ ಹೆಂಚಿನ ಮಾಡಿನ ತುದಿ ತರ ಏನೋ ಇದೆ. ಇಷ್ಟು ದಿನ ಅದನ್ನು ಒಣಗಿದ ಹಾಳೆ ಅಂದುಕೊಂಡಿದ್ದೆ.

ಬಣ್ಣದಂಗಡಿ

ಲೆಕ್ಕ ಕೂಡಿತು. 30 ಇಂಚನ್ನು 4864ರಿಂದ ಭಾಗಿಸಿ 1024ರಿಂದ ಗುಣಿಸಿದರೆ 6.3 ಇಂಚು. ಅಂದರೆ ಪೊದೆ ಬರುತ್ತಿರುವುದು ಸರಿಯಾಗಿ ಒಂದೊಂದು ಟೈಲಿಗೆ ಒಂದು. ಮೂಲ ಚಿತ್ರದಲ್ಲಿ ಆ ಪೊದೆಗಳು ಇಲ್ಲವೇ ಇಲ್ಲ, ದೊಡ್ಡದು ಮಾಡುವಾಗ ಹುಟ್ಟಿವೆ.

ಕಾರಣ ಹೀಗೆ. ಆ ಟೂಲ್ ಚಿತ್ರವನ್ನು 1024ರ ತುಂಡು ಮಾಡುತ್ತದೆ, ನಿಮ್ಮದರಲ್ಲಿ ಅಡ್ಡ 5, ಉದ್ದ 4, ಒಟ್ಟು 20 ತುಂಡು. ಒಂದೊಂದು ತುಂಡಿನ ಮೇಲೂ ಸ್ವಲ್ಪ ನಾಯ್ಸ್ ಎರಚಿ ಮತ್ತೆ ಬರೆಯುತ್ತದೆ. ಎರಚುವ ನಾಯ್ಸ್ ಸೀಡ್‌ನಿಂದ ಬರುತ್ತದೆ, ಸೀಡ್ 20 ತುಂಡಿಗೂ ಒಂದೇ. ಮರದ ಕಾಂಡ, ಬೆಳಕು ಬಿದ್ದ ಎಲೆ ಇರುವ ಕಡೆ ಮೂಲ ಚಿತ್ರವೇ ಗಟ್ಟಿಯಾಗಿರುವುದರಿಂದ ನಾಯ್ಸ್‌ನ ಆಟ ನಡೆಯುವುದಿಲ್ಲ. ಕತ್ತಲೆ ಪೊದೆ, ಮಂಜು, ಇಂಥ ಕಡೆ ಹಿಡಿದುಕೊಳ್ಳಲು ಏನೂ ಇಲ್ಲ, ಆಗ ನಾಯ್ಸ್ ಹೇಳಿದ್ದೇ ಚಿತ್ರವಾಗುತ್ತದೆ, ಎಲ್ಲ ತುಂಡಿನಲ್ಲೂ ಒಂದೇ ಜಾಗದಲ್ಲಿ ಒಂದೇ ಆಕಾರ. ಅದಕ್ಕೇ ನಿಮ್ಮ ಪೊದೆಗಳೆಲ್ಲ ಕೆಳಗಿನ ಕತ್ತಲಲ್ಲೇ ಇವೆ.

ಕೋಡ್_ಕಾಫಿ

ಸೀಡ್ ಜಾಗದಲ್ಲಿ -1 ಹಾಕಿದರೆ ಮುಗಿಯಿತಲ್ಲ? ಪ್ರತಿ ತುಂಡಿಗೂ ಬೇರೆ ಬೇರೆ ಬರುತ್ತದೆ.

ಬಣ್ಣದಂಗಡಿ

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. -1 ಹಾಕಿದರೆ ಶುರುವಿನಲ್ಲಿ ಒಂದು ಸಲ ಯಾವುದೋ ಸಂಖ್ಯೆ ಆರಿಸಿಕೊಳ್ಳುತ್ತದೆ, ಆಮೇಲೆ ಎಲ್ಲ ತುಂಡಿಗೂ ಅದೇ ಸಂಖ್ಯೆ. ಎರಡು ಸಲ ಓಡಿಸಿದರೆ ಎರಡು ಬೇರೆ ಚಿತ್ರ ಬರುತ್ತವೆ, ಆದರೆ ಎರಡರ ಒಳಗೂ ಪುನರಾವರ್ತನೆ ಇದ್ದೇ ಇರುತ್ತದೆ.

ಪ್ರಿಂಟ್ ಹಾಕುವ ಮೊದಲೇ ಇದನ್ನು ಹಿಡಿಯಬಹುದು. ಲೇಯರನ್ನು ನಕಲು ಮಾಡಿ, ನಕಲನ್ನು ಸರಿಯಾಗಿ 1024 ಪಿಕ್ಸೆಲ್ ಬಲಕ್ಕೆ ಸರಿಸಿ, ಬ್ಲೆಂಡ್ ಮೋಡ್ Difference ಮಾಡಿ. ಎರಡೂ ಕಡೆ ಒಂದೇ ಇರುವ ಜಾಗ ಕಪ್ಪಾಗುತ್ತದೆ. ಖಾಲಿ ಮಂಜೂ ಕಪ್ಪಾಗೇ ಕಾಣುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಪೊದೆಯಂತಹ ಗಿಜಿಗಿಜಿ ಜಾಗ ಕಪ್ಪಾದರೆ ಮಾತ್ರ ಅದು ನಕಲು. ಅನುಮಾನ ಬಂದರೆ 900 ಪಿಕ್ಸೆಲ್ ಸರಿಸಿಯೂ ನೋಡಿ, ಆಗ ಅದೇ ಜಾಗ ಕಪ್ಪಾಗಿ ಉಳಿಯಬಾರದು.

ಮಂಜಿನ ಗೆರೆ ಬೇರೆ ವಿಷಯ, ಅದು ತುಂಡುಗಳ ಕೀಲು. ಪಕ್ಕಪಕ್ಕದ ತುಂಡುಗಳ ಬಣ್ಣ ಕೂದಲಷ್ಟು ಬೇರೆಯಾಗಿದೆ. ಮೇಲೆ ಒಂದು ಕರ್ವ್ಸ್ ಲೇಯರ್ ಹಾಕಿ ಕಾಂಟ್ರಾಸ್ಟ್ ವಿಪರೀತ ಏರಿಸಿ ನೋಡಿದರೆ ಎದ್ದು ಕಾಣುತ್ತದೆ. ನೋಡಿದ ಮೇಲೆ ಆ ಲೇಯರ್ ತೆಗೆದುಬಿಡಿ.

ತೋಟದಮನೆ

ನಡುವೆ ಬಾಯಿ ಹಾಕುತ್ತಿದ್ದೇನೆ. ನನಗೆ ಈ ಟೂಲು ಗೀಲು ಗೊತ್ತಿಲ್ಲ, ನಮ್ಮದು ಎರಡೆಕರೆ ತೋಟ. ಅಡಿಕೆ ತೋಟದಲ್ಲಿ ಮರಗಳು ಹೇಗೂ ಸಾಲಾಗಿ ಒಂದೇ ಅಂತರದಲ್ಲೇ ಇರುತ್ತವೆ, ಹಾಗಾಗಿ ಒಂದೇ ತರ ಕಾಣುವುದು ತಪ್ಪಲ್ಲ. ಆದರೆ ನೀವು ಹಾಕಿದ ಚಿತ್ರದಲ್ಲಿ ಎಡಗಡೆ ಹತ್ತಿರದ ಮರದ ಉಂಗುರಗಳು ಬುಡದಿಂದ ತುದಿತನಕ ಒಂದೇ ಅಂತರದಲ್ಲಿವೆ. ನಿಜವಾದ ಮರದಲ್ಲಿ ಹಾಗಿರುವುದಿಲ್ಲ. ಎಳೆಯದಿದ್ದಾಗ ಗೆಣ್ಣು ದೂರ ದೂರ, ವಯಸ್ಸಾದ ಹಾಗೆ ಹತ್ತಿರ ಹತ್ತಿರ. ಸೋಗೆಯೂ ಅರ್ಧ ತೆಂಗಿನ ಗರಿಯ ಹಾಗಿದೆ. ತೋಟ ಇರುವವರ ಮನೆಗೆ ಕೊಡುವುದಾದರೆ ಇದನ್ನು ಮೊದಲು ಸರಿಮಾಡಿ. ಅವರು ಪಿಕ್ಸೆಲ್ ನೋಡುವುದಿಲ್ಲ, ಮರ ನೋಡುತ್ತಾರೆ.

ಮಲ್ನಾಡ್_ಸ್ಟುಡಿಯೊ

ನಿಮ್ಮ ಮಾತು ನಿಜ. ಯಜಮಾನರು ಆ ಮರವನ್ನೇ ಜಾಸ್ತಿ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಈಗ ಅರ್ಥವಾಯಿತು.

ಬಣ್ಣದಂಗಡಿ ಮೇಡಂ, ದೂರದ ಸೋಗೆ ಕಲಸಿಹೋದದ್ದು ಯಾಕೆ? ಅಲ್ಲಿ ನಕಲು ಇಲ್ಲ, ಬರೀ ಬಣ್ಣ ಮೆತ್ತಿದ ಹಾಗಿದೆ.

ಬಣ್ಣದಂಗಡಿ

ನೀವು ಮನೆಯ ಕಂಪ್ಯೂಟರಿನಿಂದ ಸ್ಟುಡಿಯೊಗೆ ಚಿತ್ರವನ್ನು ಹೇಗೆ ಕಳಿಸಿದಿರಿ? ದೊಡ್ಡದು ಮಾಡಿದ್ದು ಎಲ್ಲಿ?

ಮಲ್ನಾಡ್_ಸ್ಟುಡಿಯೊ

ಮೊಬೈಲ್ ಮೆಸೇಜಿನಲ್ಲಿ ಫೋಟೊ ಆಗಿ ಕಳಿಸಿಕೊಂಡೆ. ಸ್ಟುಡಿಯೊದಲ್ಲಿ ಅಪ್‌ಸ್ಕೇಲ್ ಮಾಡಿದೆ. ಅಳತೆ ನೋಡಿದೆ, 1216×832 ಹಾಗೇ ಇತ್ತು. ಅದಕ್ಕೇ ಏನೂ ಆಗಿಲ್ಲ ಅಂದುಕೊಂಡೆ. ಈಗ ಫೈಲ್ ನೋಡಿದರೆ ಮನೆಯದು 1.8 ಎಂಬಿ ಪಿಎನ್‌ಜಿ, ಸ್ಟುಡಿಯೊದ್ದು 190 ಕೆಬಿ ಜೆಪೆಗ್.

ಬಣ್ಣದಂಗಡಿ

ಅಲ್ಲೇ ಅರ್ಧ ಹೋಯಿತು. ಜೆಪೆಗ್ ಚಿತ್ರವನ್ನು 8×8ರ ಚೌಕ ಮಾಡಿ ಹಿಂಡುತ್ತದೆ, ದೂರದ ಸೋಗೆಯಂಥ ಸಣ್ಣ, ಮಂಕು ವಿವರ ಮೊದಲು ಸಾಯುತ್ತದೆ. ಮಿಕ್ಕ ಅರ್ಧ ತೆಗೆದದ್ದು ಅಪ್‌ಸ್ಕೇಲ್ ಮಾಡೆಲ್. ರಿಯಲ್-ಇಎಸ್‌ಆರ್‌ಗ್ಯಾನ್ ತರದವು ಕೊಳೆಯಾದ ಚಿತ್ರವನ್ನು ತೊಳೆಯಲು ಕಲಿತವು. ಮಂಜಿನಲ್ಲಿರುವ ಎಲೆಯ ಅಂಚಿಗೂ ಜೆಪೆಗ್ ಕೊಳೆಗೂ ವ್ಯತ್ಯಾಸ ಅವಕ್ಕೆ ತಿಳಿಯುವುದಿಲ್ಲ. ಎದ್ದು ಕಾಣುವ ಅಂಚನ್ನು ಚೂಪು ಮಾಡುತ್ತವೆ, ಮಂಕಾದದ್ದನ್ನು ಒರೆಸಿಬಿಡುತ್ತವೆ. ಅದೇ ನಿಮ್ಮ ಬ್ರಷ್ ಎಳೆತ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಪೆನ್‌ಡ್ರೈವಿನಲ್ಲಿ ಮೂಲ ಪಿಎನ್‌ಜಿ ತರುತ್ತಿದ್ದೆ. ಮತ್ತೆ ಬರೆಸುವ ಕೆಲಸವನ್ನು 4 ಪಟ್ಟಿನಲ್ಲಿ ಮಾಡದೆ 2 ಪಟ್ಟಿನಲ್ಲಿ, ಅಂದರೆ 2432×1664ರಲ್ಲಿ ಮಾಡುತ್ತಿದ್ದೆ. ಟೈಲನ್ನು 1216×832 ಇಟ್ಟರೆ ಬರೀ 4 ತುಂಡು. ನಕಲಾಗಲು ಜಾಗವೇ ಕಡಿಮೆ, ಕೀಲೂ ಕಡಿಮೆ. ಒಂದು ತುಂಡಿನೊಳಗೆ ಮರ, ಮಂಜು, ನೆಲ ಎಲ್ಲ ಬರುವುದರಿಂದ ತಾನು ಏನು ಬರೆಯುತ್ತಿದ್ದೇನೆ ಅಂತ ಮಾಡೆಲ್ಲಿಗೂ ಗೊತ್ತಿರುತ್ತದೆ. ಪ್ರಾಂಪ್ಟಿನಿಂದ ಮನೆ, ಬೆಟ್ಟ ಎಲ್ಲ ತೆಗೆದು ಬರೀ ಮೈ ಹೇಗಿರಬೇಕು ಅಂತ ಮಾತ್ರ ಉಳಿಸಿ:

```
Tile width 1216, Tile height 832
Padding 128, Mask blur 32
Denoising strength 0.28
Seams fix: Half tile offset pass
Prompt: natural foliage, soft morning light, photo
```

ಇದನ್ನು ಎರಡು ಸಲ ಓಡಿಸಿ, ಎರಡನೇ ಸಲ ಸೀಡ್ ಬೇರೆ, ಟೈಲ್ ಅಳತೆಯೂ ಬೇರೆ, 1024×1024 ಇರಲಿ. ಎರಡನ್ನೂ ಲೇಯರ್ ಮಾಡಿ ಮಾಸ್ಕ್ ಹಾಕಿ, ದೊಡ್ಡ ಮೆತ್ತನೆ ಬ್ರಷ್‌ನಲ್ಲಿ ಕತ್ತಲೆ ಪೊದೆಗಳ ಜಾಗದಲ್ಲಿ ಅಲ್ಲಲ್ಲಿ ಕೆಳಗಿನದನ್ನು ತೋರಿಸಿ. ನಕಲು ಉಳಿದಿದ್ದರೂ ಅಲ್ಲಿಗೆ ಒಡೆದುಹೋಗುತ್ತದೆ.

ಅಲ್ಲಿಂದ 6000ಕ್ಕೆ ಹೋಗುವಾಗ ಮತ್ತೆ ಬರೆಸಬೇಡಿ, ಬರೀ ದೊಡ್ಡದು ಮಾಡಿ. ಒರೆಸುವ ಚಾಳಿ ತಗ್ಗಿಸಲು ಈ ಮಾಡೆಲ್ಲಿನಲ್ಲಿ ಒಂದು ತಿರುಪು ಇದೆ, `-dn`. ಅದು 1 ಇದ್ದರೆ ಚೆನ್ನಾಗಿ ತೊಳೆಯುತ್ತದೆ, 0 ಇದ್ದರೆ ಇದ್ದ ಹಾಗೆ ಬಿಡುತ್ತದೆ:

```
python inference_realesrgan.py -n realesr-general-x4v3 \
  -i thota_2x.png -dn 0.2 --tile 400
```

9728 ಅಗಲ ಬರುತ್ತದೆ, ಅದನ್ನು 6000ಕ್ಕೆ ಇಳಿಸಿ. ಎತ್ತರ 4105 ಆಗುತ್ತದೆ, 4000ಕ್ಕೆ ಕತ್ತರಿಸಿ. ಈಗ 30 ಇಂಚಿಗೆ ಸರಿಯಾಗಿ ಇಂಚಿಗೆ 200. ನಿಮ್ಮ ಕ್ಯಾಮೆರಾ ಫೈಲೂ 6000×4000 ಇರಬೇಕಲ್ವಾ? ಜನ, ಹಿನ್ನೆಲೆ ಎರಡೂ ಒಂದೇ ಅಳತೆಯಲ್ಲಿ ಕೂರುತ್ತವೆ.

ಇನ್ನೊಂದು ಕೆಲಸವನ್ನು ತುಂಬ ಜನ ಬಿಡುತ್ತಾರೆ. ಅದೇ 2 ಪಟ್ಟಿನ ಫೈಲನ್ನು ಎಐ ಇಲ್ಲದೆ ಲ್ಯಾಂಕ್ಜೋಸ್ ವಿಧಾನದಲ್ಲೂ 6000ಕ್ಕೆ ಹಿಗ್ಗಿಸಿ ಮೇಲಿನ ಲೇಯರ್ ಆಗಿ 40ರಿಂದ 50 ಶೇಕಡಾ ಒಪಾಸಿಟಿಯಲ್ಲಿ ಇಡಿ. ಸ್ವಲ್ಪ ಮೆತ್ತಗಾಗುತ್ತದೆ, ಆದರೆ ಆ ಎಣ್ಣೆಬಣ್ಣದ ಹೊಳಪು ಹೋಗಿ ಫೋಟೊದ ಒರಟುತನ ವಾಪಸ್ ಬರುತ್ತದೆ.

ಕೋಡ್_ಕಾಫಿ

ನನ್ನ ಲ್ಯಾಪ್‌ಟಾಪ್ ಕಾರ್ಡ್ 6 ಜಿಬಿ. 1216ರ ಟೈಲಿಗೆ ಅಷ್ಟು ದೊಡ್ಡ ಪ್ಯಾಡಿಂಗ್ ಹಾಕಿದರೆ ಮೆಮೊರಿ ಸಾಲದು ಅಂತ ನಿಂತುಬಿಡುತ್ತದೆ. ಟೈಲ್ ಕಂಟ್ರೋಲ್‌ನೆಟ್ ಹಾಕಿದರೆ ಸಣ್ಣ ತುಂಡಿನಲ್ಲೂ ಮನೆ ಮೂಡುವುದಿಲ್ಲ, ಡಿನಾಯ್ಸ್ 0.5 ಇದ್ದರೂ ಆಕಾರ ಹಿಡಿದುಕೊಳ್ಳುತ್ತದೆ. ನಾನು ಎಸ್‌ಡಿ 1.5ರಲ್ಲಿ ಹಾಗೇ ಮಾಡುತ್ತೇನೆ, ಒಂದು ತೊಂದರೆಯೂ ಬಂದಿಲ್ಲ.

ಬಣ್ಣದಂಗಡಿ

ಪುಟ್ಟ ಮನೆ ಮೂಡುವುದನ್ನು ಅದು ತಡೆಯುತ್ತದೆ, ಒಪ್ಪುತ್ತೇನೆ. ಪೊದೆಯ ನಕಲನ್ನು ಪೂರ್ತಿ ತಡೆಯುತ್ತದೆ ಅಂತ ನನಗೆ ಅನಿಸುವುದಿಲ್ಲ. ಏನೂ ಇಲ್ಲದ ಕತ್ತಲಲ್ಲಿ ಕಂಟ್ರೋಲ್‌ನೆಟ್ಟಿಗೂ ಹಿಡಿಯಲು ಏನು ಸಿಗಬೇಕು? ನಿಮ್ಮದೊಂದು ಚಿತ್ರವನ್ನು Difference ಮಾಡಿ ನೋಡಿ ಹೇಳಿ.

ಕೋಡ್_ಕಾಫಿ

ನನ್ನವು ಹೆಚ್ಚಾಗಿ ಕಟ್ಟಡಗಳು, ಕತ್ತಲೆ ಜಾಗ ಕಡಿಮೆ. ಪೊದೆ ಇರುವ ಒಂದನ್ನು ಹುಡುಕಿ ನೋಡುತ್ತೇನೆ.

ಪ್ರಿಂಟ್_ಲ್ಯಾಬ್

ಲ್ಯಾಬ್ ಕಡೆಯಿಂದ ಎರಡು ಮಾತು. ಕಡಿಮೆ ಪಿಕ್ಸೆಲ್ ಫೈಲ್ ಬಂದರೆ ನಮ್ಮ ಸಾಫ್ಟ್‌ವೇರ್ ತಾನೇ ಹಿಗ್ಗಿಸಿ ಶಾರ್ಪ್ ಮಾಡುತ್ತದೆ. ಸ್ಕ್ರೀನಿನಲ್ಲಿ ಕಾಣದ ಮಂಜಿನ ಗೆರೆ ಪ್ರಿಂಟಿನಲ್ಲಿ ಎದ್ದು ಬರಲು ಅದೂ ಒಂದು ಕಾರಣ. ಸರಿಯಾದ ಅಳತೆಯಲ್ಲೇ ಫೈಲ್ ಕೊಟ್ಟು, ಶಾರ್ಪನಿಂಗ್ ಬೇಡ, ಕರೆಕ್ಷನ್ ಬೇಡ ಅಂತ ಆರ್ಡರಿನಲ್ಲೇ ಬರೆಯಿರಿ.

ಎರಡನೆಯದು ಗ್ರೇನ್. ನಿಮ್ಮ ಕ್ಯಾಮೆರಾ ಫೋಟೊದಲ್ಲಿ ಸಣ್ಣ ಗ್ರೇನ್ ಇರುತ್ತದೆ, ಎಐ ಹಿನ್ನೆಲೆಯಲ್ಲಿ ಇರುವುದಿಲ್ಲ. ಲಸ್ಟರ್ ಪೇಪರಿನಲ್ಲಿ ಜನರನ್ನು ಕತ್ತರಿಸಿ ಅಂಟಿಸಿದ ಹಾಗೆ ಕಾಣುವುದು ಅದಕ್ಕೇ. ಹಿನ್ನೆಲೆಗೆ ಮಾತ್ರ 2ರಿಂದ 3 ಶೇಕಡಾ ಗಾಸಿಯನ್ ನಾಯ್ಸ್, ಮೊನೊಕ್ರೋಮ್ಯಾಟಿಕ್ ಟಿಕ್ ಮಾಡಿ, ಎಲ್ಲಕ್ಕಿಂತ ಕೊನೆಗೆ ಹಾಕಿ. ಅದಾದ ಮೇಲೆ ಅಳತೆ ಬದಲಿಸಬೇಡಿ, ಬದಲಿಸಿದರೆ ಗ್ರೇನ್ ಕಲಸುತ್ತದೆ. ಮಂಜಿನಲ್ಲಿ ಬರುವ ಪಟ್ಟೆಗಳೂ ಇದರಿಂದ ಮುರಿಯುತ್ತವೆ.

ಪೂರ್ತಿ ಪ್ರಿಂಟ್ ಹಾಕಿಸುವ ಮೊದಲು 1600×2000 ಪಿಕ್ಸೆಲಿನ ಒಂದು ತುಂಡು ಕತ್ತರಿಸಿ 8×10 ಇಂಚಿಗೆ ಹಾಕಿಸಿ. ಇಂಚಿಗೆ 200 ಆಗುತ್ತದೆ, ದೊಡ್ಡ ಪ್ರಿಂಟಿನಲ್ಲಿ ಹೇಗೆ ಬರುತ್ತದೋ ಹಾಗೇ ಕಾಣುತ್ತದೆ. ಮಂಜು, ಕತ್ತಲೆ ಪೊದೆ, ಒಬ್ಬರ ಕೂದಲಿನ ಅಂಚು ಮೂರೂ ಬರುವ ಜಾಗ ಆರಿಸಿ.

ಹಳೇ_ಲೆನ್ಸ್

ಇಷ್ಟೆಲ್ಲ ಯಾಕೆ ಅಂತ ನನ್ನ ಪ್ರಶ್ನೆ. ಗ್ರೂಪ್ ಫೋಟೊವನ್ನು ನಿಜವಾಗಿ ತೋಟದಲ್ಲೇ ತೆಗೆದಿದ್ದರೆ ಹಿಂದಿನ ಮರಗಳು ಶಾರ್ಪ್ ಬರುತ್ತಿದ್ದವೇ? ಮುಂದಿನ ನೆಲ, ಹತ್ತಿರದ ಒಂದೆರಡು ಮರ ಬಿಟ್ಟು ಉಳಿದದ್ದಕ್ಕೆ ಲೆನ್ಸ್ ಬ್ಲರ್ ಹಾಕಿ, ದೂರ ಹೋದ ಹಾಗೆ ಜಾಸ್ತಿ. ನಕಲೂ ಹೋಗುತ್ತದೆ, ಕಲಸಿದ ಸೋಗೆಯೂ ಹೋಗುತ್ತದೆ. ಎಲೆ ಎಲೆ ಎಣಿಸುವ ಹಿನ್ನೆಲೆ ಮುಂದಿರುವ ಮುಖಗಳನ್ನು ತಿನ್ನುತ್ತದೆ.

ಬಣ್ಣದಂಗಡಿ

ದೂರದ ಸಾಲಿಗೆ ಪೂರ್ತಿ ಒಪ್ಪುತ್ತೇನೆ. ಆದರೆ ನಕಲಾದ ಪೊದೆ ಕಾಲಿನ ಹತ್ತಿರದ ಕತ್ತಲಲ್ಲಿದೆ, ಅಲ್ಲಿ ಬ್ಲರ್ ಹಾಕಿದರೆ ಜನ ತೇಲಿದ ಹಾಗೆ ಕಾಣುತ್ತಾರೆ. ಮಂಜಿನ ಕೀಲು ಸಣ್ಣ ಬ್ಲರ್‌ಗೆ ಹೋಗುವುದೂ ಇಲ್ಲ, ಗೆರೆ ಅಗಲವಾಗುತ್ತದೆ ಅಷ್ಟೇ. ಮೊದಲು ಅವನ್ನು ಸರಿಮಾಡಿ ಆಮೇಲೆ ಬ್ಲರ್ ಹಾಕಬೇಕು.

ಹಳೇ_ಲೆನ್ಸ್

ಕಾಲಿನ ಹತ್ತಿರ ಸರಿ. ದೂರದ್ದರಲ್ಲಿ ನನ್ನ ಮಾತು ಬದಲಾಗದು.

ಮಲ್ನಾಡ್_ಸ್ಟುಡಿಯೊ

ಐದು ದಿನ ಆಯಿತು, ಆದದ್ದನ್ನು ಹೇಳುತ್ತೇನೆ.

ಮೂಲ ಪಿಎನ್‌ಜಿಯಿಂದ ಶುರು ಮಾಡಿದೆ. ಅಲ್ಲೇ ದೂರದ ಸೋಗೆ ಎಷ್ಟೋ ಸರಿಯಾಯಿತು, ಉಳಿದ ಸೆಟ್ಟಿಂಗ್ ಮುಟ್ಟುವ ಮೊದಲೇ. 2 ಪಟ್ಟಿನಲ್ಲಿ ಎರಡು ಸಲ ಓಡಿಸಿ ಮಾಸ್ಕ್‌ನಲ್ಲಿ ಬೆರೆಸಿದೆ. ಮೊದಲನೆಯದನ್ನು 1216 ಸರಿಸಿ Difference ನೋಡಿದೆ, ಒಂದು ಪೊದೆ ಎರಡು ಕಡೆ ಇತ್ತು, ಒಂದರ ಮೇಲೆ ಎರಡನೇ ಲೇಯರ್ ತೋರಿಸಿದೆ, ಹೋಯಿತು. ಹೆಂಚಿನ ಮಾಡಿನ ತುದಿ ಈ ಸಲ ಎಲ್ಲೂ ಇಲ್ಲ.

ಲ್ಯಾಂಕ್ಜೋಸ್ ಲೇಯರ್ 50 ಶೇಕಡಾ ಇಟ್ಟಾಗ ನನಗೆ ತೀರಾ ಮೆತ್ತಗನಿಸಿತು, 35ಕ್ಕೆ ಇಳಿಸಿದೆ. ದೂರದ ಎರಡು ಸಾಲಿಗೆ ಬ್ಲರ್ ಹಾಕಿದೆ, ಮಧ್ಯದ ಸಾಲಿಗೆ ಹಾಕಲಿಲ್ಲ. ತೋಟ ಕಾಣಬೇಕು ಅಂತ ಅವರೇ ಕೇಳಿದ್ದರಲ್ಲ.

ಎಡಗಡೆ ಮರಕ್ಕೆ ಬೇರೆ ದಾರಿ ಹಿಡಿದೆ. ಮಳೆ ಬಿಟ್ಟಾಗ ಪಕ್ಕದ ತೋಟಕ್ಕೆ ಹೋಗಿ ಅದೇ ಕ್ಯಾಮೆರಾದಲ್ಲಿ ಒಂದು ಹಳೇ ಮರ ತೆಗೆದುಕೊಂಡು ಬಂದು ಎಐ ಮರದ ಜಾಗದಲ್ಲಿ ಕೂರಿಸಿದೆ. ಬೆಳಕು ಮೋಡದ್ದೇ ಆದ್ದರಿಂದ ಹೊಂದಿಕೊಂಡಿತು. ಉಂಗುರ ನಿಜದವು, ಕಾಂಡದ ಮೇಲಿನ ಬಿಳಿ ಪಾಚಿಯೂ ನಿಜದ್ದು.

8×10 ಟೆಸ್ಟ್ ಪ್ರಿಂಟ್ ಬಂದಿದೆ. ಪೊದೆ ಚೆನ್ನಾಗಿದೆ. ಮಂಜಿನಲ್ಲಿ ಗೆರೆ ಇಲ್ಲ, ಆದರೆ ಬೆಳಕಿಗೆ ಓರೆ ಹಿಡಿದರೆ ಒಂದು ಕಡೆ ಸ್ವಲ್ಪ ಮಾಸಿದ ಕಲೆ ಇದೆ, ಅದು ಕೀಲಿನ ಜಾಗವೇ. ಅಲ್ಲಿ ಮೂಲ ಚಿತ್ರದ ಬಣ್ಣವನ್ನು ಮೆತ್ತನೆ ಬ್ರಷ್‌ನಲ್ಲಿ ವಾಪಸ್ ತರುತ್ತಿದ್ದೇನೆ. ಗ್ರೇನ್ 3 ಶೇಕಡಾ ಹಾಕಿದೆ, ಅಜ್ಜಿಯ ಬಿಳಿ ಕೂದಲಿನ ಅಂಚು ಈಗ ಹಿನ್ನೆಲೆಗೆ ಸೇರಿದೆ.

ಒಂದು ಅನುಮಾನ ಉಳಿದಿದೆ. ಅವರು ಈಗ ಲಸ್ಟರ್ ಬದಲು ಕ್ಯಾನ್ವಾಸ್ ಕೇಳುತ್ತಿದ್ದಾರೆ. ನೇಯ್ಗೆ ಇರುವ ಬಟ್ಟೆಗೆ ಈ ಗ್ರೇನ್ ಹಾಗೇ ಬಿಡಲೋ, ಕಡಿಮೆ ಮಾಡಲೋ?

ಪ್ರಿಂಟ್_ಲ್ಯಾಬ್

ಕ್ಯಾನ್ವಾಸಿನ ನೇಯ್ಗೆಯಲ್ಲಿ ಸಣ್ಣ ಗ್ರೇನ್ ಮುಚ್ಚಿಹೋಗುತ್ತದೆ, ನಾನು ಸಾಮಾನ್ಯವಾಗಿ 1.5 ಸಾಕು ಅನ್ನುತ್ತೇನೆ. ಮಂಜು ಇರುವ ಚಿತ್ರದಲ್ಲಿ ಪಟ್ಟೆ ಬರುವ ಭಯ ಇರುವುದರಿಂದ 3 ಹಾಗೇ ಬಿಡಿ ಅನ್ನುವವರೂ ನಮ್ಮಲ್ಲೇ ಇದ್ದಾರೆ. ಅಂಚು ಮಡಚಲು ಸುತ್ತ ಒಂದೂವರೆ ಇಂಚು ಜಾಸ್ತಿ ಬೇಕು, ಅದನ್ನು ಮರೆಯಬೇಡಿ. ಇಂಚಿಗೆ 200ರಂತೆ ಪ್ರತಿ ಬದಿಗೆ 300 ಪಿಕ್ಸೆಲ್.

ಬಣ್ಣದಂಗಡಿ

ಆ 300 ಪಿಕ್ಸೆಲ್ ತುಂಬಲು ಮತ್ತೆ ಎಐಗೆ ಹೋಗಬೇಡಿ, ಅಂಚನ್ನು ಕನ್ನಡಿ ಮಾಡಿ ತಿರುಗಿಸಿ. ಅದು ಪಕ್ಕಕ್ಕೆ ಮಡಚಿಹೋಗುತ್ತದೆ, ಮುಂದೆ ಕಾಣುವುದಿಲ್ಲ. ಆದರೆ ನೀವು ಕೂರಿಸಿದ ನಿಜದ ಮರ ಎಡಗಡೆ ಅಂಚಿಗೆ ಎಷ್ಟು ಹತ್ತಿರವಿದೆ? ತೀರಾ ಹತ್ತಿರವಿದ್ದರೆ ಮಡಿಕೆಯಲ್ಲಿ ಅದೇ ಮರದ ಇನ್ನೊಂದು ಪ್ರತಿ ಬರುತ್ತದೆ.

ಮಲ್ನಾಡ್_ಸ್ಟುಡಿಯೊ

ಎರಡು ಇಂಚು ಒಳಗಿದೆ, ಮಡಿಕೆಗೆ ಬರುವುದಿಲ್ಲ. 1.5 ಗ್ರೇನಿನದ್ದು ಒಂದು, 3ರದ್ದು ಒಂದು, ಎರಡು ಕ್ಯಾನ್ವಾಸ್ ಟೆಸ್ಟ್ ನಾಳೆ ಹಾಕಿಸುತ್ತೇನೆ. ಬಂದ ಮೇಲೆ ಇಲ್ಲೇ ಬರೆಯುತ್ತೇನೆ.